ಮೊದಲ ಭೇಟಿಗೆ ಒಂದು ಕುರ್ಚಿ

ಬೆಂಗಳೂರಿನಲ್ಲಿ ಸಸ್ಯಾಹಾರಕ್ಕೆ ಬರವಿಲ್ಲ. ಆದರೂ ಮದ್ಯ ಮುಟ್ಟದ ಅಥವಾ ಮಾಂಸ ತಿನ್ನದ ಇಬ್ಬರು ಮೊದಲ ಸಲ ಭೇಟಿಯಾಗಲು ಜಾಗ ಹುಡುಕಿದರೆ ತಬ್ಬಿಬ್ಬಾಗುತ್ತಾರೆ. ತಿನ್ನಲು ಬೇಕಾದ್ದು ಸಿಗುತ್ತದೆ. ಒಂದು ಗಂಟೆ ಎದುರುಬದುರಾಗಿ ಕೂತು ಮಾತಾಡಲು ಕುರ್ಚಿ ಸಿಗುವುದಿಲ್ಲ.

ಇದಕ್ಕೆ ಕಾರಣ ನಮ್ಮ ಹೋಟೆಲುಗಳ ಲೆಕ್ಕಾಚಾರದಲ್ಲೇ ಇದೆ. 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿಯಿಂದ ಹಬ್ಬಿದ ಪದ್ಧತಿ ಎಲ್ಲರಿಗೂ ಗೊತ್ತು: ಟೋಕನ್ ತಗೊಂಡು, ತಟ್ಟೆ ಹಿಡಿದು, ನಿಂತೇ ತಿಂದು ಹೊರಡುವುದು. ಗಿರಾಕಿ ಬೇಗ ಬಂದು ಬೇಗ ಹೋದರೆ ಮಾತ್ರ ಅಲ್ಲಿನ ಕಡಿಮೆ ಬೆಲೆ ಕಟ್ಟುತ್ತದೆ. ಗಂಟೆಗಟ್ಟಲೆ ಕೂರಲು ಬಿಡುವ ಜಾಗಗಳು ಆ ಸಮಯದ ಬಾಡಿಗೆಯನ್ನು ಬೇರೆ ಎಲ್ಲಿಂದಲೋ ದುಡಿಯಬೇಕು. ಬಹಳ ಕಡೆ ಅದನ್ನು ದುಡಿದುಕೊಡುವುದು ಮದ್ಯ. ಹೀಗಾಗಿ ನಿಂಬೆಹಣ್ಣಿನ ಶರಬತ್ತು ಸಾಕೆನ್ನುವವರಿಗೆ ಆರಾಮದ ಕುರ್ಚಿ ಇರುವುದು ಬಾರಿನಲ್ಲಿ, ಅವರಿಗೆ ಒಗ್ಗುವ ತಿಂಡಿ ಇರುವುದು ಕುರ್ಚಿಯಿಲ್ಲದ ಕಡೆ.

ಕುರ್ಚಿ ಇರುವ ಹಳೆಯ ಹೋಟೆಲುಗಳೇನೋ ಇವೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದು, ಲಾಲ್‌ಬಾಗ್ ರಸ್ತೆಯ ಎಂಟಿಆರ್ ಅದಕ್ಕೂ ಹಳೆಯದು, 1924ರದು. ಎರಡೂ ಕಡೆ ರಜಾದಿನ ಹೆಸರು ಕೊಟ್ಟು ಕಾಯಬೇಕು, ಮೇಜನ್ನು ಅಪರಿಚಿತರೊಡನೆ ಹಂಚಿಕೊಳ್ಳಬೇಕಾದೀತು. ನಿಮ್ಮ ದೋಸೆ ಬರುವಷ್ಟರಲ್ಲಿ ಕುರ್ಚಿಯ ಹಿಂದೆ ಇನ್ನೊಂದು ಸಂಸಾರ ನಿಂತಿರುತ್ತದೆ. "ನಿಮ್ಮ ಮನೇಲಿ ಯಾರ್ಯಾರಿದ್ದಾರೆ?" ಎಂಬ ಪ್ರಶ್ನೆಗೆ ಪಕ್ಕದ ಮೇಜಿನ ಹಿರಿಯರೂ ಕಿವಿಗೊಡುತ್ತಾರೆ. ದೋಸೆ ಎಷ್ಟೇ ಚೆನ್ನಾಗಿರಲಿ, ಒಬ್ಬರನ್ನೊಬ್ಬರು ತಿಳಿಯಲು ಬಂದವರಿಗೆ ಇದು ಹೊಂದುವ ಜಾಗವಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಮಾತಿಗೆ ಒಂದು ಜಾಗ, ತಿಂಡಿಗೆ ಇನ್ನೊಂದು ಜಾಗ ಆರಿಸಿ. ಮಾತು ಮೊದಲಾಗಲಿ, ಅದೂ ನಡೆಯುತ್ತಾ ಆಗಲಿ. ಅಕ್ಕಪಕ್ಕ ನಡೆಯುವಾಗ ಮಧ್ಯೆ ಮೌನ ಬಂದರೂ ಮುಜುಗರವಾಗುವುದಿಲ್ಲ. ತಿಂಡಿ ಆಮೇಲೆ, ಅರ್ಧ ಗಂಟೆಯಲ್ಲಿ ಮುಗಿಯುವಂಥದು. ಅಷ್ಟರಲ್ಲಿ ಮನಸ್ಸು ಕೂಡಿರದಿದ್ದರೆ ಒಂದು ಕಾಫಿ ಕುಡಿದು ಗೌರವದಿಂದ ಬೀಳ್ಕೊಡಬಹುದು.

ಜಾಗ ಗೊತ್ತುಮಾಡುವ ಮುಂಚೆ ಕೇಳಿಕೊಳ್ಳಬೇಕಾದದ್ದು ಒಂದಿದೆ. "ನಾನು ವೆಜ್", "ನಾನು ಕುಡಿಯಲ್ಲ" ಎಂಬ ಮಾತುಗಳ ಹಿಂದೆ ಬೇರೆಬೇರೆ ನಿಯಮಗಳಿರುತ್ತವೆ. ಮೊಟ್ಟೆ ತಿನ್ನುವವರಿದ್ದಾರೆ, ಮೊಟ್ಟೆಯಿರುವ ಕೇಕನ್ನೂ ಮುಟ್ಟದವರಿದ್ದಾರೆ. ಮಾಂಸ ಬೇಯಿಸುವ ಅಡುಗೆಮನೆಯ ಪನೀರನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಕುಡಿಯದವರಲ್ಲಿ ಕೆಲವರಿಗೆ ಪಕ್ಕದಲ್ಲಿ ಯಾರಾದರೂ ಬಿಯರ್ ಹಿಡಿದರೆ ಏನೂ ಅನ್ನಿಸುವುದಿಲ್ಲ. ಇನ್ನು ಕೆಲವರಿಗೆ, ಅದರಲ್ಲೂ ಕುಡಿತ ಬಿಟ್ಟು ಹೊರಬಂದವರಿಗೆ, ಆ ವಾಸನೆಯೇ ಬೇಡ. ಕಾರಣ ಕೇಳಬೇಡಿ, ಅದು ಮೊದಲ ದಿನದ ಪ್ರಶ್ನೆಯಲ್ಲ. "ಮೊಟ್ಟೆ, ಈರುಳ್ಳಿ ನಡೆಯುತ್ತಾ? ಬಾರ್ ಇರೋ ಕಡೆ ಬೇಡ ಅಂದ್ರೆ ಹೇಳಿ, ಬೇರೆ ನೋಡ್ತೀನಿ" ಎಂದು ಒಂದು ಮೆಸೇಜ್ ಹಾಕಿದರೆ ಸಾಕು.

ಒಂದು ಉದಾಹರಣೆ ಕಟ್ಟಿ ನೋಡೋಣ. ಅವಳು ಹುಬ್ಬಳ್ಳಿಯ ಜೈನ ಮನೆತನದವಳು, ಜಯನಗರದಲ್ಲಿ ಪೇಯಿಂಗ್ ಗೆಸ್ಟ್. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ತಿನ್ನುವುದಿಲ್ಲ, ಆದಷ್ಟು ಸೂರ್ಯ ಮುಳುಗುವ ಮುನ್ನ ಊಟ ಮುಗಿಸುತ್ತಾಳೆ. ಅವನು ಮಂಗಳೂರಿನವನು, ಮಲ್ಲೇಶ್ವರದಲ್ಲಿರುತ್ತಾನೆ. ಮನೆಯಲ್ಲಿ ಮೀನು ತಿನ್ನುತ್ತಾನೆ, ಕುಡಿಯುವುದಿಲ್ಲ. ಇಬ್ಬರಿಗೂ ಹಸಿರು ಮೆಟ್ರೋ ಮಾರ್ಗ ಹತ್ತಿರ, ಲಾಲ್‌ಬಾಗ್ ನಿಲ್ದಾಣ ನಡುವೆ ಬರುತ್ತದೆ. ಯಾರೂ ಯಾರ ಗಾಡಿಯನ್ನೂ ಹತ್ತಬೇಕಿಲ್ಲ, ಬೇಕೆಂದಾಗ ತಾವೇ ಹೊರಡಬಹುದು. ಮೊದಲ ಭೇಟಿಯಲ್ಲಿ, ವಿಶೇಷವಾಗಿ ಹುಡುಗಿಗೆ, ಇದು ತಿಂಡಿಗಿಂತ ದೊಡ್ಡ ವಿಷಯ.

ಶನಿವಾರ ಮಧ್ಯಾಹ್ನ ಮೂರೂವರೆಗೆ ಮೆಟ್ರೋ ಪಕ್ಕದ ಪಶ್ಚಿಮ ದ್ವಾರದಲ್ಲಿ ಸೇರುತ್ತಾರೆ ಅನ್ನಿ. 240 ಎಕರೆಯ ತೋಟವನ್ನೆಲ್ಲ ಸುತ್ತುವ ಹಟ ಬೇಡ. ಮರಗಳ ನೆರಳಲ್ಲಿ ಗಾಜಿನ ಮನೆಯವರೆಗೆ ಬಂದು, ಅಲ್ಲೊಂದು ಬೆಂಚಿನ ಮೇಲೆ ಕೂತು, ಆಮೇಲೆ ಕೆಂಪೇಗೌಡರ ಗೋಪುರವಿರುವ ಬಂಡೆಯ ಕಡೆ ನಡೆದರೆ ಒಂದು ಗಂಟೆ ಸಾಲುತ್ತದೆ. ಬಂಡೆಯ ಮೇಲೆ ನೆರಳಿಲ್ಲ, ಬಿಸಿಲಿದ್ದರೆ ಕೆಳಗಿನಿಂದಲೇ ನೋಡಿ ಮುಂದೆ ಹೋಗಲಿ. ಮುಖ್ಯದ್ವಾರದಿಂದ ಹೊರಬಂದರೆ ಎಂಟಿಆರ್ ಕೆಲವೇ ನಿಮಿಷದ ನಡಿಗೆ. ಐದಕ್ಕೆ ಮೊದಲೇ ಹೆಸರು ಕೊಟ್ಟರೆ ಕಾಯುವ ಹೊತ್ತು ಸೇರಿದರೂ ಅವಳ ಕತ್ತಲೆಯ ನಿಯಮಕ್ಕೆ ಭಂಗ ಬರುವುದಿಲ್ಲ. ಇಷ್ಟೊತ್ತಿಗೆ ಮಾತು ಒಂದು ಹದಕ್ಕೆ ಬಂದಿರುವುದರಿಂದ ಹಂಚಿಕೊಂಡ ಮೇಜೂ ಈಗ ತೊಡಕಲ್ಲ.

ಆದರೆ ತಿಂಡಿಪಟ್ಟಿಯಲ್ಲಿ ಎಚ್ಚರ ಬೇಕು. ಬೋರ್ಡಿನಲ್ಲಿ ಶುದ್ಧ ಸಸ್ಯಾಹಾರಿ ಎಂದಿದ್ದರೂ ಅದು ಅವಳಿಗೆ ಅರ್ಧ ಉತ್ತರ ಮಾತ್ರ. ಮಸಾಲೆ ದೋಸೆಯ ಪಲ್ಯದಲ್ಲಿ ಆಲೂಗಡ್ಡೆ, ಈರುಳ್ಳಿ ಎರಡೂ ಇರುತ್ತವೆ. ರವೆ ಇಡ್ಲಿಯ ಜೊತೆ ಬರುವ ಸಾಗುವಿನಲ್ಲೂ ಆಲೂಗಡ್ಡೆ ಇರಬಹುದು. ಸಾಂಬಾರನ್ನು ಯಾವ ಹೋಟೆಲಿನಲ್ಲೂ ಕೇಳದೆ ನಂಬಬಾರದು. ರವೆ ಇಡ್ಲಿಯನ್ನು ಬರೀ ತುಪ್ಪ, ಚಟ್ನಿಯೊಡನೆ ತಿನ್ನಬಹುದು. ಚಟ್ನಿಗೆ ಬೆಳ್ಳುಳ್ಳಿ ಹಾಕಿದ್ದಾರೆಯೇ ಎಂದು ಬಡಿಸುವವರನ್ನು ಅವನೇ ಕೇಳಿದರೆ ಇನ್ನೂ ಚೆನ್ನ. ತನ್ನ ನಿಯಮವನ್ನು ಎದುರಿಗಿರುವವನು ನೆನಪಿಟ್ಟಿದ್ದಾನೆ ಎಂದು ಅವಳಿಗೆ ಆಗಲೇ ತಿಳಿಯುತ್ತದೆ. ಎಂಟಿಆರ್‌ಗೆ ಸೋಮವಾರ ರಜೆ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಲಾಲ್‌ಬಾಗ್‌ನ ಯೋಚನೆಯನ್ನೇ ಬಿಡಿ. ಆ ನೂಕುನುಗ್ಗಲಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ.

ಹೊಸ ಕೆಫೆಯೇ ಬೇಕೆನ್ನುವವರು ಹಿಂದಿನ ವಾರ ಅದೇ ವಾರದಂದು, ಅದೇ ಹೊತ್ತಿಗೆ ಒಮ್ಮೆ ಹೋಗಿ ನೋಡಿ ಬರಬೇಕು. ಮಧ್ಯಾಹ್ನ ಪುಸ್ತಕ ಓದುವಷ್ಟು ಶಾಂತವಾಗಿದ್ದ ಜಾಗದಲ್ಲಿ ಏಳು ಗಂಟೆಗೆ ದೀಪ ಮಂಕಾಗಿ, ಹಾಡು ಜೋರಾಗಿ, ಮೇಜಿನ ಮೇಲೆ ಕಾಕ್‌ಟೇಲ್ ಪಟ್ಟಿ ಬಂದು ಕೂರುವುದುಂಟು. ಅಡುಗೆಯ ಬಗ್ಗೆ ಕೇಳುವಾಗ "ವೆಜ್ ಇದೆಯಾ?" ಎಂದರೆ ಎಲ್ಲ ಕಡೆ ಇದೆ ಎನ್ನುತ್ತಾರೆ. ತರಕಾರಿ ಸೂಪಿಗೆ ಹಾಕುವ ಸಾರು ಯಾವುದರದು, ಆಲೂ ಫ್ರೈಸ್ ಕರಿಯುವ ಎಣ್ಣೆಯಲ್ಲೇ ಚಿಕನ್ನೂ ಕರಿಯುತ್ತಾರೆಯೇ ಎಂದು ಕೇಳಿ. ಥಾಯ್ ಕರಿಯಲ್ಲಿ ಮೀನಿನ ಸಾಸ್ ಇರಬಹುದು. ಕೆಲವು ಪುಡ್ಡಿಂಗ್‌ಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ತಿರಾಮಿಸುವಿನಲ್ಲಿ ಮೊಟ್ಟೆ, ಮದ್ಯ ಎರಡೂ ಇರುವುದು ಸಾಮಾನ್ಯ, ಹಾಗಾಗಿ ನಮ್ಮ ಜೋಡಿಯಲ್ಲಿ ಅದು ಇಬ್ಬರಿಗೂ ಆಗದು. ಈ ಪ್ರಶ್ನೆಗಳಿಗೆ ಮಾಣಿ ಒಳಗೆ ಹೋಗಿ ಕೇಳಿಬಂದರೆ ನಂಬಬಹುದು. ನಿಂತಲ್ಲೇ "ಎಲ್ಲಾ ವೆಜ್ಜೇ ಸಾರ್" ಎಂದರೆ ಬೇರೆ ಜಾಗ ಹುಡುಕುವುದು ಒಳ್ಳೆಯದು.

ಮಳೆಗಾಲದ ಸಂಜೆಗೆ ಲಾಲ್‌ಬಾಗ್ ನೆಚ್ಚಿಕೊಳ್ಳಲಾಗದು. ಆಗ ಜೆ.ಪಿ. ನಗರದ ರಂಗಶಂಕರ ನೋಡಬಹುದು. ಒಳಗೇ ತಿಂಡಿಯ ಕೆಫೆ ಇದೆ, ನಾಟಕಕ್ಕೆ ಬಂದವರು ಕೂತು ಹರಟುವುದು ಅಲ್ಲಿ ರೂಢಿ. ಆದರೆ ನಾಟಕಕ್ಕೆ ಒಂದು ಗಂಟೆ ಮೊದಲೇ ಹೋಗಿ, ಯಾಕೆಂದರೆ ಒಳಗೆ ಕೂತಮೇಲೆ ಮಾತಿಲ್ಲ, ತಡವಾಗಿ ಬಂದವರನ್ನು ಒಳಗೆ ಬಿಡುವುದೂ ಇಲ್ಲ. ಟಿಕೆಟ್ಟನ್ನು ಆ ಹರಟೆ ಹಿಡಿಸಿದ ಮೇಲೆ ತಗೊಂಡರಾಯಿತು.