ಪಾರ್ಟ್ನರ್ ಅಂಗಡಿ ದುಡ್ಡು ಎತ್ತಿಕೊಂಡ್ರೆ ಅದು ವಂಚನೆಯೋ, ನಂಬಿಕೆ ದ್ರೋಹವೋ?

ಇಬ್ಬರು ತಲಾ 4 ಲಕ್ಷ ರೂ. ಹಾಕಿ ಹಾರ್ಡ್‌ವೇರ್ ಅಂಗಡಿ ತೆರೆದರು ಅಂದುಕೊಳ್ಳಿ. ಒಬ್ಬರು ಗಲ್ಲಾದಲ್ಲಿ ಕೂರುತ್ತಾರೆ, ಇನ್ನೊಬ್ಬರು ಬೇರೆ ಕೆಲಸದಲ್ಲಿದ್ದಾರೆ. ಒಂದೂವರೆ ವರ್ಷ ವ್ಯಾಪಾರ ಚೆನ್ನಾಗೇ ನಡೆಯಿತು. ಆಮೇಲೆ ಲೆಕ್ಕ ನೋಡಿದರೆ ಅಂಗಡಿ ಖಾತೆಯ 3 ಲಕ್ಷ ರೂ. ಗಲ್ಲಾದಲ್ಲಿ ಕೂರುವವರ ಮನೆ ಕಟ್ಟೋಕೆ ಹೋಗಿದೆ. ಇನ್ನೊಬ್ಬರು ಸ್ಟೇಷನ್‌ಗೆ ಹೋಗಿ ವಂಚನೆ, ನಂಬಿಕೆ ದ್ರೋಹ ಎರಡನ್ನೂ ಸೇರಿಸಿ ದೂರು ಕೊಡುತ್ತಾರೆ. ಕೇಸ್ ದುರ್ಬಲವಾಗುವುದು ಇಲ್ಲೇ.

ವಂಚನೆ ಎಂದರೆ ದುಡ್ಡು ಕೈಗೆ ಬರುವ ಮೊದಲೇ ಮೋಸದ ಉದ್ದೇಶ ಇರಬೇಕು. ಇಲ್ಲದ ಗೋಡೌನ್ ಇದೆ ಎಂದು ನಂಬಿಸಿ ಬಂಡವಾಳ ಹಾಕಿಸಿ, ಅಂಗಡಿಯನ್ನೇ ತೆರೆಯದಿದ್ದರೆ ಅದು ವಂಚನೆ. ನಂಬಿಕೆ ದ್ರೋಹದಲ್ಲಿ ದುಡ್ಡು ಸರಿಯಾಗಿಯೇ ಕೈಗೆ ಬಂದಿರುತ್ತದೆ, ಕೆಟ್ಟ ಬುದ್ಧಿ ಆಮೇಲೆ ಬರುತ್ತದೆ. ಹಾಗಾಗಿ ಒಂದೇ ದುಡ್ಡಿನ ವಿಷಯಕ್ಕೆ ಎರಡೂ ಒಟ್ಟಿಗೆ ನಿಲ್ಲುವುದಿಲ್ಲ ಎಂದು ಡೆಲ್ಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆ ಸೆಕ್ಷನ್ 318, ನಂಬಿಕೆ ದ್ರೋಹ ಸೆಕ್ಷನ್ 316. 2024ರ ಜುಲೈ 1ಕ್ಕಿಂತ ಮೊದಲು ನಡೆದಿದ್ದರೆ ಹಳೇ ಐಪಿಸಿಯ 420 ಮತ್ತು 406.

ನಮ್ಮ ಉದಾಹರಣೆಯಲ್ಲಿ ಒಂದೂವರೆ ವರ್ಷ ಅಂಗಡಿ ನಡೆದಿದೆ. ಮೊದಲ ದಿನವೇ ಮೋಸದ ಉದ್ದೇಶ ಇತ್ತು ಎನ್ನುವುದು ಕಷ್ಟ. ಹಾಗಾದರೆ ನಂಬಿಕೆ ದ್ರೋಹವೇ? ಅಲ್ಲೂ ಒಂದು ತೊಡಕಿದೆ. ಪಾಲುದಾರಿಕೆಯ ಆಸ್ತಿಗೆ ಎಲ್ಲ ಪಾಲುದಾರರೂ ಮಾಲೀಕರು. ತನ್ನದೂ ಆದ ದುಡ್ಡನ್ನು ಬಳಸಿಕೊಂಡಷ್ಟಕ್ಕೇ ನಂಬಿಕೆ ದ್ರೋಹ ಆಗುವುದಿಲ್ಲ, ಲೆಕ್ಕ ಕೊಡುವ ಸಿವಿಲ್ ಹೊಣೆ ಮಾತ್ರ ಇರುತ್ತದೆ ಎಂದು 1965ರಲ್ಲಿ ವರದಿಯಾದ ವೇಲ್ಜಿ ರಾಘವಜಿ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದರೆ ಇದೇ ತೀರ್ಪು ಒಂದು ದಾರಿ ಬಿಟ್ಟಿದೆ. ನಿರ್ದಿಷ್ಟ ದುಡ್ಡನ್ನು ನಿರ್ದಿಷ್ಟ ಕೆಲಸಕ್ಕೆಂದೇ ವಿಶೇಷ ಒಪ್ಪಂದದ ಮೂಲಕ ಒಬ್ಬ ಪಾಲುದಾರನಿಗೆ ವಹಿಸಿದ್ದರೆ ಮಾತು ಬೇರೆ. 'ಈ 3 ಲಕ್ಷ ಸಿಮೆಂಟ್ ಡೀಲರ್‌ಗೆ ಕಟ್ಟಲು ಮಾತ್ರ' ಎಂದು ಬರಹದಲ್ಲಿದ್ದು, ಅದು ಮನೆಗೆ ಹೋಗಿದ್ದರೆ ಸೆಕ್ಷನ್ 316ಕ್ಕೆ ಬಲ ಬರುತ್ತದೆ.

ಅಂಥ ಬರಹ ಇಲ್ಲದಿದ್ದರೆ ಪಾಲುದಾರಿಕೆ ವಿಸರ್ಜಿಸಿ ಲೆಕ್ಕ ಕೇಳುವ ಸಿವಿಲ್ ದಾವೆಯೇ ನೇರ ದಾರಿ. ಫರ್ಮ್ ನೋಂದಣಿ ಆಗಿರದಿದ್ದರೂ ಈ ದಾವೆ ಹಾಕಬಹುದು. ವಿಸರ್ಜನೆಯಾಗಿ 3 ವರ್ಷದೊಳಗೆ ಹಾಕಬೇಕು.

ದೂರು ಬರೆಯುವ ಮೊದಲು ಪಾಲುದಾರಿಕೆ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸಾಪ್ ಮೆಸೇಜ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಳ್ಳಬೇಕು. ಸುಳ್ಳು ಹೇಳಿದ್ದು ದುಡ್ಡು ಕೊಡುವ ಮೊದಲೋ, ಆಮೇಲೋ ಎನ್ನುವುದು ಅಲ್ಲೇ ಕಾಣುತ್ತದೆ.