ಬೋಡೆ ನಕ್ಷೆಯ ಎರಡು ಅಂಕಿ: ಮೋಟಾರಿನ ವೇಗ ಎಷ್ಟು ಭದ್ರ?

ಲೇತ್ ಯಂತ್ರದ ಮೋಟಾರನ್ನು ನಿಮಿಷಕ್ಕೆ 1000 ಸುತ್ತಿನಲ್ಲಿ ಓಡಿಸಬೇಕು ಎಂದುಕೊಳ್ಳಿ. ಎನ್‌ಕೋಡರ್ ನಿಜವಾದ ವೇಗವನ್ನು ಅಳೆಯುತ್ತದೆ. ಡ್ರೈವ್ ಅದನ್ನು ಬೇಕಾದ ವೇಗದೊಂದಿಗೆ ಹೋಲಿಸಿ, ಕಡಿಮೆಯಿದ್ದರೆ ಕರೆಂಟು ಹೆಚ್ಚಿಸುತ್ತದೆ, ಜಾಸ್ತಿಯಿದ್ದರೆ ಇಳಿಸುತ್ತದೆ. ಇಷ್ಟೇ ವೇಗದ ಲೂಪ್. ತೊಂದರೆ ಇರುವುದು ಸಮಯದಲ್ಲಿ. ಅಳೆಯಲು, ಲೆಕ್ಕ ಹಾಕಲು, ಕರೆಂಟು ಏರಲು, ಭಾರವಾದ ರೋಟರ್ ವೇಗ ಬದಲಿಸಲು, ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಹೊತ್ತು ಹಿಡಿಯುತ್ತದೆ. ಉಯ್ಯಾಲೆ ಹಿಂದೆ ಬರುವಾಗ ತಡೆಯಲೆಂದು ಚಾಚಿದ ಕೈ ತಡವಾಗಿ, ಅದು ಮುಂದೆ ಹೊರಟ ಮೇಲೆ ತಾಗಿದರೆ ಉಯ್ಯಾಲೆ ಇನ್ನೂ ಜೋರಾಗಿ ತೂಗುತ್ತದೆ. ವೇಗ ತಿದ್ದುವ ಕರೆಂಟೂ ಹಾಗೆಯೇ ತಡವಾದರೆ ಏರಿಳಿತವನ್ನು ಬೆಳೆಸುತ್ತದೆ.

ಆ ಅಪಾಯದಿಂದ ನಾವು ಎಷ್ಟು ದೂರದಲ್ಲಿದ್ದೇವೆ ಎಂಬುದನ್ನು ತೋರಿಸುವುದು ಬೋಡೆ ನಕ್ಷೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಹೆಂಡ್ರಿಕ್ ಬೋಡೆ, ದೂರವಾಣಿ ಆಂಪ್ಲಿಫೈಯರುಗಳ ಕೆಲಸದಲ್ಲಿ ಈ ವಿಧಾನವನ್ನು ರೂಪಿಸಿದರು. ನಕ್ಷೆಯಲ್ಲಿ ಒಂದರ ಕೆಳಗೊಂದು ಎರಡು ಗೆರೆಗಳಿರುತ್ತವೆ. ಅಡ್ಡಕ್ಕೆ ಏರಿಳಿತದ ವೇಗ, ಹರ್ಟ್ಸ್‌ನಲ್ಲಿ. ಮೇಲಿನ ಗೆರೆ ಗೇನ್: ಒಂದು ಏರಿಳಿತ ಲೂಪನ್ನು ಒಂದು ಸುತ್ತು ಹಾಕಿ ಬಂದಾಗ ಎಷ್ಟು ಪಟ್ಟಾಗಿರುತ್ತದೆ ಎಂಬುದು, ಡೆಸಿಬೆಲ್‌ನಲ್ಲಿ. 0 ಡೆಸಿಬೆಲ್ ಎಂದರೆ ಹೋದಷ್ಟೇ ಬಂದಿದೆ ಎಂದರ್ಥ. ಕೆಳಗಿನ ಗೆರೆ ಫೇಸ್: ಆ ಸುತ್ತಿನಲ್ಲಿ ಎಷ್ಟು ಹಿಂದೆ ಬಿದ್ದಿದೆ ಎಂಬುದು, ಡಿಗ್ರಿಯಲ್ಲಿ. −180 ಡಿಗ್ರಿ ತಲುಪಿದರೆ ತಿದ್ದುಪಡಿ ಪೂರ್ತಿ ತಿರುಗುಮುರುಗಾಗಿದೆ. ಒಂದೇ ಹರ್ಟ್ಸ್‌ನಲ್ಲಿ ಗೇನ್ 0 ಡೆಸಿಬೆಲ್ಲೂ ಫೇಸ್ −180 ಡಿಗ್ರಿಯೂ ಆದರೆ ಏರಿಳಿತ ತನ್ನನ್ನು ತಾನೇ ಸಾಕಿಕೊಳ್ಳುತ್ತದೆ, ಮೋಟಾರು ಓಲಾಡುತ್ತಲೇ ಇರುತ್ತದೆ.

ಓದುವ ಕ್ರಮ ಹೀಗೆ. ಮೇಲಿನ ಗೆರೆ 0 ಡೆಸಿಬೆಲ್ ದಾಟುವ ಜಾಗವನ್ನು ಹುಡುಕಿ, ಅಲ್ಲಿಂದ ನೇರ ಕೆಳಗಿಳಿದು ಫೇಸ್ ನೋಡಿ. ಅದು −180ಕ್ಕಿಂತ ಎಷ್ಟು ಮೇಲಿದೆಯೋ ಅದೇ ಫೇಸ್ ಮಾರ್ಜಿನ್. ಬಳಿಕ ಕೆಳಗಿನ ಗೆರೆ −180 ದಾಟುವ ಜಾಗವನ್ನು ಹುಡುಕಿ, ನೇರ ಮೇಲೆ ಹೋಗಿ ಗೇನ್ ನೋಡಿ. ಅದು 0 ಡೆಸಿಬೆಲ್‌ಗಿಂತ ಎಷ್ಟು ಕೆಳಗಿದೆಯೋ ಅದೇ ಗೇನ್ ಮಾರ್ಜಿನ್. ಸಾಮಾನ್ಯವಾಗಿ ಎಂಜಿನಿಯರುಗಳು ಕನಿಷ್ಠ 6 ಡೆಸಿಬೆಲ್ ಮತ್ತು 45ರಿಂದ 60 ಡಿಗ್ರಿ ಇರಲಿ ಎನ್ನುತ್ತಾರೆ.

ಒಂದು ಲೆಕ್ಕ ಹಾಕೋಣ. ನಮ್ಮ ಮೋಟಾರಿನ ಗೇನ್ ಗೆರೆ 16 ಹರ್ಟ್ಸ್‌ನಲ್ಲಿ 0 ಡೆಸಿಬೆಲ್ ದಾಟುತ್ತದೆ. ಅಲ್ಲಿ ಫೇಸ್ ಎಲ್ಲೆಲ್ಲಿ ಖರ್ಚಾಗಿದೆ ನೋಡಿ. ತಿರುಗುವ ಭಾರದ ಜಡತ್ವಕ್ಕೆ 90 ಡಿಗ್ರಿ. ಉಳಿದ ಅಲ್ಪ ವ್ಯತ್ಯಾಸವನ್ನೂ ಅಳಿಸಲು ಡ್ರೈವ್‌ನಲ್ಲಿರುವ ಇಂಟಿಗ್ರಲ್ ಭಾಗಕ್ಕೆ 11. ವೇಗದ ಅಳತೆಯನ್ನು ನಯ ಮಾಡುವ 2 ಮಿಲಿಸೆಕೆಂಡಿನ ಫಿಲ್ಟರಿಗೆ ಇನ್ನೊಂದು 11. ಕರೆಂಟು ಏರುವ ತಡಕ್ಕೆ 6, ಲೆಕ್ಕಾಚಾರದ 1 ಮಿಲಿಸೆಕೆಂಡಿಗೆ 6. ಒಟ್ಟು 124. 180ಕ್ಕೆ ಉಳಿದದ್ದು 56 ಡಿಗ್ರಿ, ಅದೇ ಫೇಸ್ ಮಾರ್ಜಿನ್. ಫೇಸ್ ಗೆರೆ −180 ಮುಟ್ಟುವುದು 67 ಹರ್ಟ್ಸ್‌ನಲ್ಲಿ. ಅಲ್ಲಿ ಗೇನ್ −15.5 ಡೆಸಿಬೆಲ್, ಅಂದರೆ ಲೂಪಿನ ಗೇನ್ ಸುಮಾರು ಆರು ಪಟ್ಟಾಗುವವರೆಗೂ ಮೋಟಾರು ತಡೆದುಕೊಳ್ಳುತ್ತದೆ.

ಯಾರೂ ಗುಂಡಿ ಮುಟ್ಟದೆ ಗೇನ್ ಹೇಗೆ ಹೆಚ್ಚುತ್ತದೆ? ರಿಪೇರಿಗೆಂದು ಕಪ್ಲಿಂಗ್ ಬಿಚ್ಚಿ ಮೋಟಾರನ್ನು ಒಂಟಿಯಾಗಿ ಓಡಿಸಿದರೆ ಸಾಕು. ಲೋಡ್ ಸೇರಿದ ಒಟ್ಟು ಜಡತ್ವ ಮೋಟಾರೊಂದರ ಜಡತ್ವದ ಮೂರು ಪಟ್ಟಿತ್ತು ಎನ್ನೋಣ. ಈಗ ಅದೇ ಕರೆಂಟಿಗೆ ವೇಗ ಮೂರು ಪಟ್ಟು ಬೇಗ ಬದಲಾಗುತ್ತದೆ. ಗೇನ್ ಗೆರೆ ಇಡಿಯಾಗಿ 9.5 ಡೆಸಿಬೆಲ್ ಮೇಲೇರುತ್ತದೆ, ಫೇಸ್ ಗೆರೆ ಇದ್ದಲ್ಲೇ ಇರುತ್ತದೆ. ಗೇನ್ ಮಾರ್ಜಿನ್ 6 ಡೆಸಿಬೆಲ್‌ಗೆ ಇಳಿಯುತ್ತದೆ. 0 ಡೆಸಿಬೆಲ್ ದಾಟುವ ಜಾಗ 41 ಹರ್ಟ್ಸ್‌ಗೆ ಸರಿದು, ಅಲ್ಲಿನ ಫೇಸ್ ಮಾರ್ಜಿನ್ ಬರೀ 29 ಡಿಗ್ರಿ. ವೇಗ ಬದಲಿಸಿದಾಗಲೆಲ್ಲ ಮೋಟಾರು ಸುಮಾರು 40 ಹರ್ಟ್ಸ್‌ನಲ್ಲಿ ನಡುಗಿ ನಿಧಾನಕ್ಕೆ ಶಾಂತವಾಗುತ್ತದೆ. ಲೋಡ್ ಹಾಕಿದಾಗ ಸರಿಯಿದ್ದದ್ದು ಬಿಚ್ಚಿದಾಗ ಯಾಕೆ ಹೀಗೆ ಎಂಬ ಪ್ರಶ್ನೆಗೆ ನಕ್ಷೆಯಲ್ಲೇ ಉತ್ತರವಿದೆ.

ಇನ್ನೊಂದು ಸಂದರ್ಭ. ಕಡಿಮೆ ವೇಗದಲ್ಲಿ ಎನ್‌ಕೋಡರಿನ ಅಳತೆ ಒರಟಾಗಿ ಮೋಟಾರು ಕರಕರ ಎನ್ನುತ್ತಿದೆಯೆಂದು ಫಿಲ್ಟರನ್ನು 2ರಿಂದ 10 ಮಿಲಿಸೆಕೆಂಡಿಗೆ ಏರಿಸಿದೆವು ಎನ್ನೋಣ. ಲೋಡ್ ಮೊದಲಿನಂತೆಯೇ ಇದೆ. ಸದ್ದು ಅಡಗುತ್ತದೆ, ಗೇನ್ ಮಾರ್ಜಿನ್ 12 ಡೆಸಿಬೆಲ್ ಇದೆ, ಎಲ್ಲ ಚೆನ್ನಾಗಿದೆ ಎನಿಸುತ್ತದೆ. ಆದರೆ ಗೇನ್ ಗೆರೆ 0 ದಾಟುವ 13 ಹರ್ಟ್ಸ್‌ನಲ್ಲಿ ಫಿಲ್ಟರ್ ಒಂದೇ 39 ಡಿಗ್ರಿ ತಿಂದಿದೆ, ಫೇಸ್ ಮಾರ್ಜಿನ್ 28ಕ್ಕೆ ಬಿದ್ದಿದೆ. ವೇಗ ಗುರಿ ದಾಟಿ ಹೋಗಿ, ಹಿಂದೆ ಬಂದು, ಮತ್ತೆ ದಾಟುತ್ತದೆ. ಗೇನ್ ಮಾರ್ಜಿನ್ ಒಂದನ್ನೇ ನೋಡಿದವರಿಗೆ ಈ ಕಾಯಿಲೆ ಕಾಣುವುದೇ ಇಲ್ಲ.

ಎರಡೂ ಸಂದರ್ಭಗಳಲ್ಲಿ ಫೇಸ್ ಮಾರ್ಜಿನ್ ಹೆಚ್ಚುಕಡಿಮೆ ಒಂದೇ. ಆದರೂ ಭದ್ರತೆ ಒಂದೇ ಅಲ್ಲ. ಡಿಗ್ರಿಯನ್ನು ಸಮಯಕ್ಕೆ ತಿರುಗಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. 41 ಹರ್ಟ್ಸ್‌ನ ಒಂದು ಏರಿಳಿತಕ್ಕೆ 24 ಮಿಲಿಸೆಕೆಂಡು. ಅದರಲ್ಲಿ 360ಕ್ಕೆ 29ರ ಪಾಲು ಎಂದರೆ ಸುಮಾರು 1.9 ಮಿಲಿಸೆಕೆಂಡು. ಲೂಪಿನಲ್ಲಿ ಇನ್ನಷ್ಟು ತಡ ಸೇರಿದರೆ ಮೋಟಾರು ಹಿಡಿತ ತಪ್ಪುತ್ತದೆ. 13 ಹರ್ಟ್ಸ್‌ನಲ್ಲಿ ಅದೇ 28 ಡಿಗ್ರಿಗೆ 6 ಮಿಲಿಸೆಕೆಂಡು ಸಿಗುತ್ತದೆ. ಮೊದಲ ಸ್ಥಿತಿಯ 56 ಡಿಗ್ರಿಗೆ ಸಿಗುತ್ತಿದ್ದದ್ದು 10 ಮಿಲಿಸೆಕೆಂಡಿನಷ್ಟು.

ಓದುವಾಗ ತಪ್ಪುವ ಜಾಗಗಳೂ ಇವೆ. ಮಾರ್ಜಿನ್ ಓದಬೇಕಾದದ್ದು ಲೂಪಿನ ಒಂದು ಸುತ್ತಿನ ನಕ್ಷೆಯಲ್ಲಿ. ಕೊಟ್ಟ ವೇಗಕ್ಕೂ ಬಂದ ವೇಗಕ್ಕೂ ಇರುವ ಸಂಬಂಧವನ್ನು ತೋರಿಸುವ ನಕ್ಷೆಯೇ ಬೇರೆ, ಅದರಲ್ಲಿ ಈ ಕ್ರಮ ನಡೆಯದು. ಕೆಲವು ತಂತ್ರಾಂಶಗಳು −190 ಡಿಗ್ರಿಯನ್ನು +170 ಎಂದು ಬರೆಯುತ್ತವೆ. ಗೆರೆ ದಿಢೀರನೆ ಕೆಳಗಿನ ಅಂಚಿನಿಂದ ಮೇಲಕ್ಕೆ ಹಾರಿದರೆ ಅದು −180 ದಾಟಿದೆ ಎಂದೇ ತಿಳಿಯಬೇಕು. ಅಳೆಯುವಾಗ ಮೋಟಾರು ನಿಧಾನಕ್ಕಾದರೂ ತಿರುಗುತ್ತಿರಬೇಕು. ನಿಂತ ಮೋಟಾರಿನಲ್ಲಿ ಘರ್ಷಣೆಯೇ ಸಣ್ಣ ಏರಿಳಿತವನ್ನೆಲ್ಲ ನುಂಗಿ, ಗೇನ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಎಲ್ಲಕ್ಕಿಂತ ಮೋಸದ್ದು ಅನುರಣನ. ಕಪ್ಲಿಂಗ್, ಬೆಲ್ಟ್, ಉದ್ದನೆಯ ಶಾಫ್ಟ್ ಇವೆಲ್ಲ ಸ್ವಲ್ಪ ತಿರುಚಿಕೊಳ್ಳುತ್ತವೆ. ಅದರಿಂದ ಗೇನ್ ಗೆರೆಯ ಮೇಲೆ, ಉದಾಹರಣೆಗೆ 120 ಹರ್ಟ್ಸ್‌ನಲ್ಲಿ, ಚೂಪಾದ ಶಿಖರ ಏಳಬಹುದು. ನಮ್ಮ ಲೆಕ್ಕದಲ್ಲಿ ಅಲ್ಲಿನ ಗೇನ್ ಸುಮಾರು −25 ಡೆಸಿಬೆಲ್. ಶಿಖರ ಅದನ್ನು 18 ಡೆಸಿಬೆಲ್ ಎತ್ತಿ, ಅದರ ತುದಿಯ ಹತ್ತಿರ ಫೇಸ್ ಮತ್ತೊಮ್ಮೆ −180 ದಾಟಿದರೆ, ನಿಜವಾದ ಗೇನ್ ಮಾರ್ಜಿನ್ 15.5 ಅಲ್ಲ, ಬರೀ 7. ಆದ್ದರಿಂದ ಮೊದಲ ದಾಟುವಿಕೆಗೇ ನಿಲ್ಲದೆ ಗೆರೆಗಳನ್ನು ಬಲತುದಿಯವರೆಗೂ ಓದಿ, ಸಿಕ್ಕವುಗಳಲ್ಲಿ ಚಿಕ್ಕದನ್ನೇ ಮಾರ್ಜಿನ್ ಎಂದು ಹಿಡಿಯಬೇಕು.

ಯಂತ್ರದ ಡ್ರೈವ್ ಹೊಂದಿಸುವವರು ಎರಡು ನಕ್ಷೆ ತೆಗೆಯಲಿ: ಅತಿ ಹಗುರ ಲೋಡಿಗೆ ಒಂದು, ಅತಿ ಭಾರದ ಲೋಡಿಗೆ ಒಂದು. ಪ್ರತಿಯೊಂದರ ಮೇಲೂ ಎರಡೂ ಮಾರ್ಜಿನ್, ಅವು ಯಾವ ಹರ್ಟ್ಸ್‌ನಲ್ಲಿ ಸಿಕ್ಕಿದವು, ಆಗ ಫಿಲ್ಟರ್ ಎಷ್ಟಿತ್ತು ಎಂಬುದನ್ನು ಬರೆದಿಡಲಿ. ನಾಳೆ ಯಾರಾದರೂ ಫಿಲ್ಟರಿಗೆ ಕೈ ಹಾಕುವ ಮುನ್ನ ನೋಡಬೇಕಾದದ್ದು ಆ ಹಾಳೆಯನ್ನೇ.