ಸ್ವಿಚ್ ಒತ್ತಿದಾಗ ಸೋರುವ ಹಣ

ಮೈಸೂರಿನ ಒಬ್ಬ ಶಿಕ್ಷಕಿ ಒಂದು ಈಕ್ವಿಟಿ ಮ್ಯೂಚುವಲ್ ಫಂಡಿನಲ್ಲಿ ಒಟ್ಟಿಗೇ ಐದು ಲಕ್ಷ ರೂಪಾಯಿ ಹಾಕಿದ್ದಾರೆ ಎಂದಿಟ್ಟುಕೊಳ್ಳೋಣ. ಹತ್ತು ತಿಂಗಳಲ್ಲಿ ಅದು 5,60,000 ರೂಪಾಯಿ ಆಗಿದೆ. ಬೆಳೆದದ್ದು ಶೇ 12. ಅಷ್ಟರಲ್ಲಿ ಆ್ಯಪ್‌ನಲ್ಲಿ ಅದೇ ಕಂಪನಿಯ ಇನ್ನೊಂದು ಫಂಡ್ ಕಣ್ಣಿಗೆ ಬೀಳುತ್ತದೆ. ಅದು ಒಂದೇ ವರ್ಷದಲ್ಲಿ ಶೇ 30 ಏರಿದೆ. ‘ಸ್ವಿಚ್’ ಒತ್ತಿದರೆ ಆಯಿತು, ಹಣ ಬ್ಯಾಂಕಿಗೂ ಬರುವುದಿಲ್ಲ, ಸೀದಾ ಹೊಸ ಫಂಡಿಗೆ ಹೋಗುತ್ತದೆ.

ಆದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಸ್ವಿಚ್ ಎಂದರೆ ಒಂದು ಮಾರಾಟ ಮತ್ತು ಒಂದು ಖರೀದಿ. ಹಣ ಕೈಗೆ ಬರಲಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಒಂದೇ ಫಂಡಿನ ರೆಗ್ಯುಲರ್ ಪ್ಲಾನ್‌ನಿಂದ ಡೈರೆಕ್ಟ್ ಪ್ಲಾನ್‌ಗೆ ಹೋದರೂ ಇದೇ ಕತೆ.

ಮೊದಲು ಕೈಬಿಡುವುದು ಎಕ್ಸಿಟ್ ಲೋಡ್. ಹಲವು ಈಕ್ವಿಟಿ ಫಂಡುಗಳು ವರ್ಷ ತುಂಬುವ ಮೊದಲು ಹೊರಬಿದ್ದರೆ ಶೇ 1 ಹಿಡಿದುಕೊಳ್ಳುತ್ತವೆ. ಇದು ಲಾಭದ ಮೇಲಲ್ಲ, ಪೂರ್ತಿ ಮೊತ್ತದ ಮೇಲೆ. ಹಾಗಾಗಿ 5,600 ರೂಪಾಯಿ ಹೋಯಿತು. ಉಳಿದ ಲಾಭ 54,400. ವರ್ಷದೊಳಗೆ ಮಾರಿದ ಈಕ್ವಿಟಿ ಫಂಡಿನ ಲಾಭಕ್ಕೆ 2024ರ ಜುಲೈ 23ರಿಂದ ಶೇ 20 ತೆರಿಗೆ, ಅದರ ಮೇಲೆ ಶೇ 4 ಸೆಸ್. ಅದು ಸುಮಾರು 11,300 ರೂಪಾಯಿ. ಎರಡೂ ಸೇರಿ ಹೆಚ್ಚುಕಡಿಮೆ 16,900, ಅಂದರೆ ಇದ್ದ ಹಣದ ಶೇ 3. ಹಳೆಯ ಫಂಡಿನಲ್ಲೇ ಕುಳಿತವರಿಗೆ ಸಮನಾಗಬೇಕಾದರೆ ಹೊಸ ಫಂಡ್ ಮೊದಲು ಅಷ್ಟನ್ನು ಹೆಚ್ಚಾಗಿ ದುಡಿಯಬೇಕು.

ಅವರು ಇನ್ನೆರಡು ತಿಂಗಳು ಕಾದಿದ್ದರೆ? ವರ್ಷ ದಾಟಿದ ಮೇಲೆ ಎಕ್ಸಿಟ್ ಲೋಡ್ ಇಲ್ಲ. ದೀರ್ಘಾವಧಿ ಲಾಭಕ್ಕೆ ತೆರಿಗೆ ಶೇ 12.5, ಅದೂ ವರ್ಷಕ್ಕೆ 1.25 ಲಕ್ಷ ದಾಟಿದ ಭಾಗಕ್ಕೆ ಮಾತ್ರ. ಬೇರೆ ಕಡೆ ಇಂಥ ಲಾಭ ಇಲ್ಲದಿದ್ದರೆ ಅವರ 60,000ಕ್ಕೆ ತೆರಿಗೆಯೇ ಬರುತ್ತಿರಲಿಲ್ಲ.

ಈ ಸೋರಿಕೆ ಯಾಕೆ ಗೊತ್ತಾಗುವುದಿಲ್ಲ? ಸ್ವಿಚ್ ಆದ ಮರುದಿನ ಆ್ಯಪ್ ತೆರೆದು ನೋಡಿ. ಹಳೆಯ ಫಂಡ್ ಪಟ್ಟಿಯಲ್ಲೇ ಇರುವುದಿಲ್ಲ. ಹೊಸ ಫಂಡಿನ ಎದುರು ‘ಹೂಡಿಕೆ’ ಎಂದು ಸುಮಾರು 5,54,000 ಎಂದಿರುತ್ತದೆ. ಎಕ್ಸಿಟ್ ಲೋಡ್ ಕಳೆದ ಮೊತ್ತವೇ ಹೊಸ ಅಸಲು! ಕಳೆದುಹೋದ ಹಣಕ್ಕೆ ಅಲ್ಲಿ ಕಾಲಂ ಇಲ್ಲ. ದೇಶದೊಳಗಿನ ಹೂಡಿಕೆದಾರರಿಗೆ ಈ ಲಾಭದ ತೆರಿಗೆಯನ್ನು ಫಂಡ್ ಕಂಪನಿ ಹಿಡಿದುಕೊಳ್ಳುವುದಿಲ್ಲ. ರಿಟರ್ನ್ ಸಲ್ಲಿಸುವಾಗ ಸಂಬಳದ ಖಾತೆಯಿಂದ ಕಟ್ಟುತ್ತೇವೆ, ಅದು ಫಂಡ್ ಬದಲಿಸಿದ ಖರ್ಚು ಎಂದು ಅನ್ನಿಸುವುದೇ ಇಲ್ಲ. ದುಬೈ, ಅಮೆರಿಕದಲ್ಲಿರುವ ಎನ್‌ಆರ್‌ಐ ಕನ್ನಡಿಗರಿಗೆ ಮಾತ್ರ ಟಿಡಿಎಸ್ ಅಲ್ಲೇ ಕಡಿತವಾಗುವುದರಿಂದ ಪೆಟ್ಟು ಆಗಲೇ ತಿಳಿಯುತ್ತದೆ.

ಒಮ್ಮೆಯಾದರೆ ಹೋಗಲಿ ಎನ್ನಬಹುದು. ಪ್ರತಿ ವರ್ಷವೂ ಹೀಗೇ ಆದರೆ? ಇಬ್ಬರು ತಲಾ ಐದು ಲಕ್ಷ ಹಾಕುತ್ತಾರೆ, ಇಬ್ಬರ ಫಂಡುಗಳೂ ವರ್ಷಕ್ಕೆ ಶೇ 12 ಬೆಳೆಯುತ್ತವೆ ಎಂದುಕೊಳ್ಳಿ. ಒಬ್ಬರು ಹತ್ತು ವರ್ಷ ಅಲುಗಾಡದೆ ಕೂತು, ಕೊನೆಯಲ್ಲಿ ಒಮ್ಮೆ ಮಾರಿ ತೆರಿಗೆ ಕಟ್ಟಿದರೆ ಸುಮಾರು 14.3 ಲಕ್ಷ ಉಳಿಯುತ್ತದೆ. ಇನ್ನೊಬ್ಬರು ಪ್ರತಿಸಲವೂ ವರ್ಷ ತುಂಬುವ ಮುಂಚೆ ಜಿಗಿದು, ಲೋಡ್ ಮತ್ತು ತೆರಿಗೆಯನ್ನು ಅದೇ ಹಣದಿಂದ ಕಳೆದರೆ ಉಳಿಯುವುದು 11.4 ಲಕ್ಷ. ಸುಮಾರು ಮೂರು ಲಕ್ಷದ ಅಂತರ. ಯಾವ ಫಂಡೂ ಕೆಟ್ಟದ್ದಾಗಿರಲಿಲ್ಲ.

ಜಿಗಿದ ಕಡೆ ಹೆಚ್ಚು ಸಿಕ್ಕರೆ ಈ ಖರ್ಚು ತುಂಬಿಬರುತ್ತದೆ, ನಿಜ. ಆದರೆ ಪಟ್ಟಿಯ ತುದಿಯಲ್ಲಿರುವ ಫಂಡಿನ ಏರಿಕೆ ಆಗಿಹೋದದ್ದು, ಅದು ಸಿಕ್ಕಿದ್ದು ಮೊದಲೇ ಅಲ್ಲಿದ್ದವರಿಗೆ. 2021ರಲ್ಲಿ ನಿಫ್ಟಿ ಐಟಿ ಸೂಚ್ಯಂಕ ಸುಮಾರು ಶೇ 60 ಏರಿತು. ಅದನ್ನು ಕಂಡು ವರ್ಷದ ಕೊನೆಗೆ ಐಟಿ ಫಂಡಿಗೆ ಹೋದವರಿಗೆ 2022 ಕಾದಿತ್ತು. ಆ ವರ್ಷ ಅದೇ ಸೂಚ್ಯಂಕ ಕಾಲುಭಾಗ ಕುಸಿಯಿತು.

ಹಾಗೆಂದು ಫಂಡ್ ಬದಲಿಸಲೇಬಾರದು ಎಂದಲ್ಲ. ಫಂಡ್ ತನ್ನ ಹೂಡಿಕೆಯ ರೀತಿಯನ್ನೇ ಬದಲಿಸಿದರೆ, ಅಥವಾ ತನ್ನ ಸೂಚ್ಯಂಕಕ್ಕಿಂತ ಹಲವು ವರ್ಷ ಹಿಂದೆ ಬಿದ್ದಿದ್ದರೆ ಹೊರಬರುವುದು ಸರಿ. ಆಗಲೂ ಎಲ್ಲವನ್ನೂ ಒಮ್ಮೆಗೇ ಕಿತ್ತುಕೊಳ್ಳಬೇಕಿಲ್ಲ. ಎಸ್‌ಐಪಿ ಇದ್ದರೆ ಮುಂದಿನ ಕಂತುಗಳನ್ನು ಹೊಸ ಫಂಡಿಗೆ ತಿರುಗಿಸಿ, ಹಳೆಯದನ್ನು ಇದ್ದಲ್ಲೇ ಬಿಡಿ. ಎಸ್‌ಐಪಿಯ ಪ್ರತಿ ಕಂತಿಗೂ ವರ್ಷದ ಲೆಕ್ಕ ಬೇರೆ ಬೇರೆ, ಮೊದಲು ಕೊಂಡ ಯೂನಿಟ್ ಮೊದಲು ಮಾರಾಟವಾಗುತ್ತದೆ. ಹೀಗಾಗಿ ವರ್ಷ ದಾಟಿದ ಯೂನಿಟ್‌ಗಳನ್ನಷ್ಟೇ, ಲಾಭ 1.25 ಲಕ್ಷದೊಳಗೆ ಇರುವಂತೆ, ಮಾರ್ಚ್‌ಗೆ ಮುಂಚೆ ಒಂದಿಷ್ಟು, ಏಪ್ರಿಲ್ ನಂತರ ಒಂದಿಷ್ಟು ಎಂದು ತೆಗೆಯಬಹುದು. ಶಿಕ್ಷಕಿಯ ಆ 16,900 ರೂಪಾಯಿ ಉಳಿಯಲು ಬೇಕಿದ್ದದ್ದು ಇನ್ನೊಂದು ಫಂಡಲ್ಲ, ಎರಡು ತಿಂಗಳು.